ಜೂಜಿನ ಪಾವತಿ ಮತ್ತು ಚಾರ್ಜ್‌ಬ್ಯಾಕ್

ಕಾರ್ಡ್‌ದಾರನ ತಕರಾರನ್ನು ಒಪ್ಪಿ, ಅವನ ಬ್ಯಾಂಕ್ ಒಂದು ಪಾವತಿಯ ಹಣವನ್ನು ವ್ಯಾಪಾರಿಯ ಬ್ಯಾಂಕಿನಿಂದ ಮರಳಿ ತರಿಸಿಕೊಳ್ಳುವ ವ್ಯವಸ್ಥೆಗೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಇದು ನ್ಯಾಯಾಲಯದ ಹಕ್ಕಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು ತಮ್ಮ ಸದಸ್ಯ ಬ್ಯಾಂಕುಗಳಿಗೆ ಬರೆದುಕೊಟ್ಟ ನಿಯಮಪುಸ್ತಕದ ಒಂದು ಭಾಗ. ಕಾರ್ಡ್ ಉಜ್ಜಿ ಕೊಂಡ ಟಿವಿ ಮನೆಗೆ ಬರದಿದ್ದರೆ ಈ ವ್ಯವಸ್ಥೆ ಸಲೀಸಾಗಿ ಕೆಲಸ ಮಾಡುತ್ತದೆ. ಜೂಜಿನ ಪಾವತಿಗೆ ಬಂದರೆ ಹೆಚ್ಚಿನ ಅರ್ಜಿಗಳು ಬಿದ್ದುಹೋಗುತ್ತವೆ. ಅದಕ್ಕೆ ಮುಖ್ಯ ಕಾರಣ, ಅರ್ಜಿದಾರರು ಕೇಳುವ ಪ್ರಶ್ನೆಯೂ ನಿಯಮ ಕೇಳುವ ಪ್ರಶ್ನೆಯೂ ಬೇರೆಬೇರೆಯಾಗಿರುವುದು. ಅರ್ಜಿದಾರನ ಮನಸ್ಸಿನಲ್ಲಿರುವುದು ಆಟದಲ್ಲಿ ಏನಾಯಿತು ಎಂಬುದು. ನಿಯಮ ಕೇಳುವುದು ಆಟ ಶುರುವಾಗುವ ಮೊದಲು ಹಣ ಎಲ್ಲಿಗೆ ತಲುಪಿತು ಎಂಬುದನ್ನು ಮಾತ್ರ.

ನಿಯಮದ ತಿರುಳು

ಒಂದು ಕಾರ್ಡ್ ಪಾವತಿಯಲ್ಲಿ ನಾಲ್ವರಿರುತ್ತಾರೆ: ಕಾರ್ಡ್‌ದಾರ, ಅವನಿಗೆ ಕಾರ್ಡ್ ಕೊಟ್ಟ ಬ್ಯಾಂಕ್, ವ್ಯಾಪಾರಿ, ವ್ಯಾಪಾರಿಯ ಪರವಾಗಿ ಹಣ ಪಡೆಯುವ ಬ್ಯಾಂಕ್. ಪ್ರತಿ ವ್ಯಾಪಾರಿಗೂ ಅವನ ವ್ಯವಹಾರದ ಬಗೆಯನ್ನು ಹೇಳುವ ನಾಲ್ಕಂಕಿಯ ಸಂಖ್ಯೆಯೊಂದನ್ನು ಕೊಟ್ಟಿರುತ್ತಾರೆ. ಬೆಟ್ಟಿಂಗ್ ಮತ್ತು ಕ್ಯಾಸಿನೊಗಳ ಸಂಖ್ಯೆ 7995. ಗ್ರಾಹಕ ಕೇಳಿಕೊಂಡರೆ ಜೂಜಿನ ಪಾವತಿಗಳಿಗೆ ತಡೆ ಹಾಕುವ ಸೌಲಭ್ಯ ಹಲವು ಬ್ಯಾಂಕುಗಳಲ್ಲಿದೆ. ಆ ತಡೆ ಕೆಲಸ ಮಾಡುವುದು ಈ ಸಂಖ್ಯೆಯನ್ನು ನೋಡಿಯೇ.

ಚಾರ್ಜ್‌ಬ್ಯಾಕ್ ಹೂಡುವಾಗ ಬ್ಯಾಂಕ್ ಒಂದು ಕಾರಣ ಸಂಕೇತವನ್ನು ಆರಿಸಲೇಬೇಕು. ವೀಸಾದಲ್ಲಿ 10.4 ಎಂದರೆ ಕಾರ್ಡ್ ಎದುರಿಗಿಲ್ಲದ ವ್ಯವಹಾರದಲ್ಲಿ ನಡೆದ ವಂಚನೆ. 13.1 ಎಂದರೆ ಕೊಂಡ ಸರಕು ಅಥವಾ ಸೇವೆ ಸಿಗದಿರುವುದು. 13.6 ಎಂದರೆ ಒಪ್ಪಿದ ಮರುಪಾವತಿ ಖಾತೆಗೆ ಬಾರದಿರುವುದು. ಮಾಸ್ಟರ್‌ಕಾರ್ಡ್‌ನಲ್ಲಿ 4837 ಅನುಮತಿಯಿಲ್ಲದ ಪಾವತಿಗೆ, 4853 ಗ್ರಾಹಕನ ಇತರ ತಕರಾರುಗಳಿಗೆ. 'ನಾನು ಸೋತೆ' ಎಂಬುದಕ್ಕಾಗಲಿ 'ನನಗೆ ಜೂಜಿನ ಚಟವಿದೆ' ಎಂಬುದಕ್ಕಾಗಲಿ ಯಾವ ಜಾಲದಲ್ಲೂ ಸಂಕೇತವಿಲ್ಲ. ಸಂಕೇತದೊಳಗೆ ಕೂರದ ದೂರನ್ನು ಬ್ಯಾಂಕ್ ಎಷ್ಟೇ ಸಹಾನುಭೂತಿಯಿಂದ ಓದಿದರೂ ಮುಂದಕ್ಕೆ ಕಳುಹಿಸಲಾಗದು.

ಜೂಜಿನ ವಿಷಯದಲ್ಲಿ ಮಾಸ್ಟರ್‌ಕಾರ್ಡ್‌ನ ನಿಯಮ ಬಹಳ ಸ್ಪಷ್ಟವಾಗಿದೆ. ಕಾರ್ಡ್‌ನಿಂದ ಕೊಂಡದ್ದು ಆಟದ ಚಿಪ್ಪು ಅಥವಾ ಆಟದ ಖಾತೆಯ ಮೊತ್ತ ಎಂದು ಅದು ಪರಿಗಣಿಸುತ್ತದೆ. ಆ ಮೊತ್ತ ಒಪ್ಪಿದ ಖಾತೆಗೆ ಸೇರದಿದ್ದರೆ ಚಾರ್ಜ್‌ಬ್ಯಾಕ್‌ಗೆ ಅವಕಾಶವಿದೆ. ಸೇರಿದ ಮೇಲೆ ಅದನ್ನು ಹೇಗೆ ಬಳಸಿದಿರಿ, ಎಷ್ಟು ಉಳಿಯಿತು, ಗೆದ್ದದ್ದೆಷ್ಟು, ಸೋತದ್ದೆಷ್ಟು, ಉಳಿದದ್ದನ್ನು ತೆಗೆಯಲು ತಾಣ ಬಿಟ್ಟಿತೋ ಇಲ್ಲವೋ, ಇವೆಲ್ಲವೂ ಚಾರ್ಜ್‌ಬ್ಯಾಕ್‌ನ ಹೊರಗಿನ ವಿಷಯ. ಡೆಪಾಸಿಟ್ ಬ್ಯಾಲೆನ್ಸಿನಲ್ಲಿ ಕಂಡ ಕ್ಷಣಕ್ಕೆ ಕಾರ್ಡ್ ವ್ಯವಹಾರ ಮುಗಿಯಿತು ಎಂಬುದೇ ಇದರ ಅರ್ಥ. ಸೋತವರಿಗೆ ಇದು ಕಠಿಣವಾಗಿ ಕಾಣುವುದು ಸಹಜ. ಆದರೆ ಈ ಗೆರೆ ಇಲ್ಲದಿದ್ದರೆ ಗೆದ್ದಾಗ ಹಣ ಇಟ್ಟುಕೊಂಡು ಸೋತಾಗ ವಾಪಸು ಕೇಳುವುದಕ್ಕೆ ಬಾಗಿಲು ತೆರೆದಂತಾಗುತ್ತದೆ. ಜಾಲಗಳು ಅದನ್ನು ಒಪ್ಪುವ ಸಾಧ್ಯತೆಯಿಲ್ಲ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಬೈನರಿ ಆಪ್ಷನ್, ವಿದೇಶಿ ವಿನಿಮಯದಂಥ ಹೂಡಿಕೆ ತಾಣಗಳು ಖಾತೆಯಲ್ಲಿರುವ ಹಣ ತೆಗೆಯಲು ಬಿಡದಿದ್ದರೆ, ವೀಸಾ ತನ್ನ ತಪ್ಪು ನಿರೂಪಣೆಯ ಸಂಕೇತದಡಿ, ಅಂದರೆ 13.5ರಡಿ, ತಕರಾರಿಗೆ ಎಡೆ ಕೊಟ್ಟಿದೆ. ಅದನ್ನು ಓದಿದವರು ಕ್ಯಾಸಿನೊಗೂ ಅದೇ ಅನ್ವಯಿಸುತ್ತದೆಂದು ಅರ್ಜಿ ಬರೆಯುತ್ತಾರೆ. ಆ ಅವಕಾಶ ಇರುವುದು ಹೂಡಿಕೆಯ ವ್ಯಾಪಾರಿಗಳ ವಿರುದ್ಧ. ಪಣದ ಗೆಲುವಿಗೆ ಅದನ್ನು ಹಿಗ್ಗಿಸಲು ಬರುವುದಿಲ್ಲ.

ಬ್ಯಾಂಕ್ ಏಕೆ ಬೇಡವೆನ್ನುತ್ತದೆ

ನಿರಾಕರಣೆಯ ಮೊದಲ ಕಾರಣ ಮೇಲೆ ಹೇಳಿದ್ದೇ: ಹಣ ಆಟದ ಖಾತೆಗೆ ಸೇರಿದೆ. ಎರಡನೆಯದು ಕಾಲ. ಸಾಮಾನ್ಯವಾಗಿ ಪಾವತಿಯಾದ ದಿನದಿಂದ 120 ದಿನಗಳೊಳಗೆ ಬ್ಯಾಂಕ್ ತಕರಾರು ಹೂಡಬೇಕು. ಕೆಲವು ಸಂಕೇತಗಳಲ್ಲಿ ಲೆಕ್ಕ ಬೇರೆ ದಿನದಿಂದ ಶುರುವಾಗುತ್ತದೆ. ತಾಣದ ಸಹಾಯವಾಣಿ 'ಇನ್ನೆರಡು ವಾರ ಕಾಯಿರಿ' ಎಂದು ಹೇಳುತ್ತಾ ಹೋಗುವುದು ಈ ಅವಧಿಯನ್ನು ಕರಗಿಸುವ ಹಳೆಯ ಉಪಾಯ. ಅದನ್ನು ನಂಬಿ ಕಾದವರ ತಕರಾರು ಎಷ್ಟೇ ನಿಜವಾಗಿದ್ದರೂ ಅವಧಿ ಮೀರಿದ ಮೇಲೆ ಬ್ಯಾಂಕ್ ಅದನ್ನು ಹೂಡಲಾರದು.

ಮೂರನೆಯದು ವಂಚನೆಯೆಂದು ಸುಳ್ಳು ಹೇಳಿ ಸಿಕ್ಕಿಬೀಳುವುದು. ತಾನೇ ಕಟ್ಟಿದ ಹಣವನ್ನು 'ಇದು ನಾನು ಮಾಡಿದ್ದಲ್ಲ' ಎಂದು ಹೇಳಿದರೆ ಮೊದಲು ತಾತ್ಕಾಲಿಕವಾಗಿ ಹಣ ಖಾತೆಗೆ ಬರಲೂಬಹುದು. ಆಮೇಲೆ ತಾಣ ತನ್ನ ದಾಖಲೆ ಹಾಜರುಪಡಿಸುತ್ತದೆ: ಗುರುತಿನ ಚೀಟಿಯ ಪ್ರತಿ, ಲಾಗಿನ್ ಆದ ಫೋನು, ಐಪಿ ವಿಳಾಸ, ಪ್ರತಿ ಪಣದ ಸಮಯ, ಹಿಂದೆ ಗೆದ್ದ ಮೊತ್ತ ಅದೇ ಕಾರ್ಡಿಗೆ ಹೋದ ದಾಖಲೆ. ಈ ಕೊನೆಯದು ಬಹಳ ಬಲವಾದದ್ದು. ಕದ್ದ ಕಾರ್ಡಿನಲ್ಲಿ ಆಡಿದವನು ಗೆಲುವನ್ನು ಕಾರ್ಡಿನ ಒಡೆಯನಿಗೇ ಕಳುಹಿಸಿದ ಎಂದರೆ ಯಾರೂ ನಂಬುವುದಿಲ್ಲ. 2023ರ ಏಪ್ರಿಲ್‌ನಿಂದ ವೀಸಾ ಈ ಬಗೆಯ ಉತ್ತರಕ್ಕೆ ಇನ್ನಷ್ಟು ಬಲ ಕೊಟ್ಟಿದೆ. ಅದೇ ಕಾರ್ಡಿನಿಂದ ಅದೇ ವ್ಯಾಪಾರಿಗೆ ಹಿಂದೆ ತಕರಾರಿಲ್ಲದೆ ನಡೆದ ಎರಡು ಪಾವತಿಗಳನ್ನು ವ್ಯಾಪಾರಿ ತೋರಿಸಬೇಕು. ಅವು 120 ದಿನಕ್ಕಿಂತ ಹಳೆಯವಾಗಿ, 365 ದಿನದೊಳಗಿನವಾಗಿರಬೇಕು. ಐಪಿ ವಿಳಾಸ ಅಥವಾ ಸಾಧನದ ಗುರುತು ಸೇರಿ ಎರಡು ವಿವರ ತಾಳೆಯಾದರೆ 10.4ರ ವಂಚನೆ ತಕರಾರು ಅಲ್ಲಿಗೆ ನಿಲ್ಲುತ್ತದೆ. ಕೊಟ್ಟ ತಾತ್ಕಾಲಿಕ ಹಣವನ್ನು ಬ್ಯಾಂಕ್ ವಾಪಸು ಪಡೆದುಕೊಳ್ಳುತ್ತದೆ. ಅದನ್ನು ಅಷ್ಟರಲ್ಲಿ ಖರ್ಚು ಮಾಡಿದವರ ಖಾತೆ ಋಣಕ್ಕಿಳಿಯುತ್ತದೆ, ಮುಂದಿನ ನಿಜವಾದ ದೂರಿಗೂ ಅವರ ಮಾತು ಹಗುರವಾಗುತ್ತದೆ.

ಪಾವತಿಯ ಹೊತ್ತಿಗೆ ಒಟಿಪಿ ಅಥವಾ ಬ್ಯಾಂಕ್ ಆಪ್‌ನ ಒಪ್ಪಿಗೆ ಪಡೆದಿದ್ದರೆ ವಂಚನೆಯ ಹೊಣೆ ಸಾಮಾನ್ಯವಾಗಿ ವ್ಯಾಪಾರಿಯಿಂದ ಕಾರ್ಡ್ ಕೊಟ್ಟ ಬ್ಯಾಂಕಿಗೆ ಜಾರುತ್ತದೆ. ಆಗ ಚಾರ್ಜ್‌ಬ್ಯಾಕ್‌ನಿಂದ ಆ ಬ್ಯಾಂಕಿಗೆ ಏನೂ ಸಿಗದು. ಗ್ರಾಹಕನ ಹಕ್ಕು ಅದರಿಂದ ಅಳಿಯುವುದಿಲ್ಲ, ಆದರೆ ಅದನ್ನು ದೇಶದ ಕಾನೂನಿನ ಅಡಿಯಲ್ಲಿ ಬ್ಯಾಂಕಿನ ಎದುರೇ ಕೇಳಬೇಕಾಗುತ್ತದೆ.

ಇನ್ನೊಂದು ಸನ್ನಿವೇಶ ನೋವಿನದು. ಚಟದಿಂದ ಹೊರಬರಲು ಬ್ಯಾಂಕಿನಲ್ಲಿ ಜೂಜಿನ ತಡೆ ಹಾಕಿಸಿಕೊಂಡವರ ಕಾರ್ಡಿನಿಂದಲೇ ಹಣ ಹೋಗುತ್ತದೆ. ಸ್ಟೇಟ್‌ಮೆಂಟಿನಲ್ಲಿ ಬಟ್ಟೆ ಅಂಗಡಿಯದೋ ಸಾಫ್ಟ್‌ವೇರ್ ಕಂಪನಿಯದೋ ಹೆಸರಿರುತ್ತದೆ. ಪರವಾನಗಿಯಿಲ್ಲದ ತಾಣ 7995ರ ಬದಲು ಬೇರೆ ಸಂಖ್ಯೆಯಡಿ ಹಣ ಎಳೆದಿರುತ್ತದೆ. ಇದು ಜಾಲದ ನಿಯಮದ ಗಂಭೀರ ಉಲ್ಲಂಘನೆ. ಬ್ಯಾಂಕಿಗೆ ತಿಳಿಸಿದರೆ ಆ ವ್ಯಾಪಾರಿಯ ಮೇಲೂ ಅವನ ಬ್ಯಾಂಕಿನ ಮೇಲೂ ಕ್ರಮ ಆಗಬಹುದು. ಆದರೆ ತಪ್ಪು ಸಂಖ್ಯೆಯೊಂದೇ ಕಾರ್ಡ್‌ದಾರನಿಗೆ ಹಣ ಮರಳಿ ಪಡೆಯುವ ಹಕ್ಕನ್ನು ಕೊಡುವುದಿಲ್ಲ. 'ಬಟ್ಟೆಗೆ ಹಣ ಕಟ್ಟಿದೆ, ಬಟ್ಟೆ ಬರಲಿಲ್ಲ' ಎಂದು ಬರೆಯಲು ಸಲಹೆ ಕೊಡುವವರಿದ್ದಾರೆ. ಜೂಜಿಗೆಂದು ತಿಳಿದೇ ಕಟ್ಟಿದವರು ಹಾಗೆ ಬರೆದರೆ ಅದು ಸುಳ್ಳು ಹೇಳಿಕೆ. ತಾಣ ಆಟದ ದಾಖಲೆಯನ್ನು ಮುಂದಿಟ್ಟ ದಿನ ಅದು ಅರ್ಜಿದಾರನ ವಿರುದ್ಧವೇ ನಿಲ್ಲುತ್ತದೆ. ನಡೆದದ್ದನ್ನೇ ಬರೆದು, ತಡೆ ಹಾಕಿಸಿದ ದಿನಾಂಕವನ್ನೂ ತೋರಿಸಿ, ತಡೆ ಏಕೆ ಕೆಲಸ ಮಾಡಲಿಲ್ಲವೆಂದು ಬ್ಯಾಂಕಿನ ಮೇಲೆ ಪ್ರತ್ಯೇಕ ದೂರು ಕೊಡುವುದು ಸರಿಯಾದ ದಾರಿ.

ಒಂದೇ ಸ್ಟೇಟ್‌ಮೆಂಟಿನ ಐದು ತಕರಾರುಗಳು

ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಸಂಗದಿಂದ ನೋಡಬಹುದು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಕೆಲಸಕ್ಕಿರುವ ಒಬ್ಬ ಕನ್ನಡಿಗನ ಬಳಿ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡ್ ಇದೆ ಎನ್ನೋಣ. ಅವನು ಬ್ರಿಟನ್ನಿನ ಪರವಾನಗಿಯಿಲ್ಲದ ವಿದೇಶಿ ಕ್ಯಾಸಿನೊ ತಾಣವೊಂದರಲ್ಲಿ ಆಡುತ್ತಾನೆ. ಮಾರ್ಚ್ 3ರಂದು 200 ಪೌಂಡ್ ಕಟ್ಟಿ ಅಷ್ಟನ್ನೂ ಸೋಲುತ್ತಾನೆ. 5ರಂದು ಕಟ್ಟಿದ 300 ಪೌಂಡ್ ಕಾರ್ಡಿನಿಂದ ಹೋಗುತ್ತದೆ, ಆಟದ ಬ್ಯಾಲೆನ್ಸಿನಲ್ಲಿ ಕಾಣುವುದೇ ಇಲ್ಲ. 9ರಂದು 150 ಕಟ್ಟಿದಾಗ ಎರಡು ಸಲ ಕಡಿತವಾಗುತ್ತದೆ, ತಾಣದಲ್ಲಿ ಒಂದೇ ಸಲ ಜಮೆಯಾಗುತ್ತದೆ. ಆ ಹಣದಲ್ಲಿ ಆಡಿ ಗೆದ್ದ 900 ಪೌಂಡನ್ನು 20ರಂದು ಕೇಳಿದರೆ ತಾಣ ಒಂದರ ಮೇಲೊಂದು ದಾಖಲೆ ಕೇಳಿ ಕೊನೆಗೆ ಕೊಡುವುದಿಲ್ಲ ಎನ್ನುತ್ತದೆ. 25ರಂದು ಅವನು ಖಾತೆ ಮುಚ್ಚಿಸುತ್ತಾನೆ. ಏಪ್ರಿಲ್ 2ರಂದು ಅವನ ಕಾರ್ಡಿನಿಂದ ಮತ್ತೆ 400 ಪೌಂಡ್ ಹೋಗುತ್ತದೆ.

ಸಿಟ್ಟಿನಲ್ಲಿ ಅವನು 'ಈ ತಾಣ ಮೋಸದ್ದು, ನಾನು ಕಟ್ಟಿದ ಎಲ್ಲವೂ ಗೆದ್ದ 900 ಪೌಂಡೂ ವಾಪಸು ಬೇಕು' ಎಂದು ಒಂದೇ ಪತ್ರ ಬರೆಯುತ್ತಾನೆ. ಬ್ಯಾಂಕ್ ಅದನ್ನು ಜೂಜಿನ ನಷ್ಟದ ದೂರು ಎಂದು ಓದಿ ಒಂದೇ ಸಾಲಿನಲ್ಲಿ ತಳ್ಳಿಹಾಕುತ್ತದೆ. ನಿಜವಾಗಿ ಇಲ್ಲಿರುವುದು ಐದು ಬೇರೆಬೇರೆ ತಕರಾರುಗಳು, ಒಂದೊಂದರ ಹಣೆಬರಹವೂ ಬೇರೆ.

5ರಂದು ಹೋದ 300 ಪೌಂಡ್ ಎಲ್ಲಕ್ಕಿಂತ ಗಟ್ಟಿ. ಕೊಂಡ ಮೊತ್ತ ಒಪ್ಪಿದ ಖಾತೆಗೆ ಸೇರಿಲ್ಲ ಎಂಬ ನಿಯಮದ ಮಾತಿಗೇ ಅದು ಹೊಂದುತ್ತದೆ. ಬೇಕಾದದ್ದು ಎರಡು ಪಟ್ಟಿಗಳು: ಬ್ಯಾಂಕಿನ ಸ್ಟೇಟ್‌ಮೆಂಟ್ ಮತ್ತು ತಾಣದ ಡೆಪಾಸಿಟ್ ಇತಿಹಾಸದ ಪೂರ್ತಿ ಪುಟ. ಆ ದಿನದ ಸುತ್ತಲಿನ ಎಲ್ಲ ಜಮೆಗಳೂ ಕಂಡು, ಈ 300 ಮಾತ್ರ ಕಾಣೆಯಾಗಿರಬೇಕು. ಖಾಲಿ ಬ್ಯಾಲೆನ್ಸಿನ ಚಿತ್ರವೊಂದೇ ಸಾಲದು. ಅದು ಆಡಿ ಸೋತ ಖಾತೆಯ ಚಿತ್ರವೂ ಆಗಿರಬಹುದಲ್ಲ. 9ರ ಎರಡನೇ 150 ಕೂಡ ಇದೇ ಬಗೆಯಲ್ಲಿ ಸಾಬೀತಾಗುತ್ತದೆ. ತಾಣದ ಪಟ್ಟಿಯಲ್ಲಿ ಒಂದು, ಬ್ಯಾಂಕಿನ ಪಟ್ಟಿಯಲ್ಲಿ ಎರಡು. ಮೊದಲನೇ 150 ಅನ್ನು ಈ ಅರ್ಜಿಯಲ್ಲಿ ಸೇರಿಸಬಾರದು. ಸೇರಿಸಿದರೆ ಅರ್ಜಿಯ ನಂಬಿಕೆಯೇ ಕೆಡುತ್ತದೆ.

ಏಪ್ರಿಲ್ 2ರ 400 ನಡುವಿನದು. ಅವನು ಒಪ್ಪಿಗೆ ಕೊಟ್ಟಿದ್ದನೇ ಎಂಬುದೇ ಅಲ್ಲಿನ ಪ್ರಶ್ನೆ. 'ಆ ರಾತ್ರಿ ಡ್ಯೂಟಿಯಲ್ಲಿದ್ದೆ' ಎಂಬ ಹಾಜರಿ ಪುಸ್ತಕ ಹೆಚ್ಚು ಸಹಾಯ ಮಾಡುವುದಿಲ್ಲ, ಏಕೆಂದರೆ ಫೋನು ಜೇಬಿನಲ್ಲೇ ಇರುತ್ತದೆ. ಖಾತೆ ಮುಚ್ಚಿದೆ ಎಂದು ತಾಣವೇ 25ರಂದು ಕಳುಹಿಸಿದ ಇಮೇಲ್ ಸಾಕಷ್ಟು ತೂಕದ್ದು: ಮುಚ್ಚಿದ ಖಾತೆಗೆ ಉಳಿಸಿಟ್ಟ ಕಾರ್ಡಿನಿಂದ ಹಣ ಎಳೆಯಲು ಆಧಾರವೇನು ಎಂದು ತಾಣವೇ ಉತ್ತರಿಸಬೇಕಾಗುತ್ತದೆ. ಆ ಪಾವತಿಗೆ ಬ್ಯಾಂಕ್ ಆಪ್‌ನಲ್ಲಿ ಒಪ್ಪಿಗೆ ಒತ್ತಿದ ದಾಖಲೆ ಇದ್ದರೆ ಮಾತ್ರ ಈ ವಾದ ಕುಸಿಯುತ್ತದೆ.

3ರಂದು ಸೋತ 200ಕ್ಕೆ ದಾರಿಯಿಲ್ಲ. ತಡೆಹಿಡಿದ 900ಕ್ಕೂ ಚಾರ್ಜ್‌ಬ್ಯಾಕ್‌ನಲ್ಲಿ ದಾರಿಯಿಲ್ಲ. ಅದು ಕಾರ್ಡಿನಿಂದ ಹೋದ ಹಣವೇ ಅಲ್ಲ. ತಾಣಕ್ಕೆ ಬ್ರಿಟನ್ನಿನ ಪರವಾನಗಿ ಇದ್ದಿದ್ದರೆ ಬೇರೆ ಬಾಗಿಲು ತೆರೆದಿರುತ್ತಿತ್ತು. ಪರವಾನಗಿ ಇಲ್ಲದಿರುವುದರ ನಿಜವಾದ ಬೆಲೆ ಇಲ್ಲಿ ಕಾಣುತ್ತದೆ. ಹೀಗೆ ಬಿಡಿಸಿ ಬರೆದರೆ 450 ಪೌಂಡಿಗೆ ಬಲವಾದ ಅರ್ಜಿ, 400ಕ್ಕೆ ವಾದಿಸಬಹುದಾದ ಅರ್ಜಿ ಉಳಿಯುತ್ತದೆ. ಒಟ್ಟುಗೂಡಿಸಿ ಬರೆದರೆ ಆ 450 ಕೂಡ ಹೋಗುತ್ತದೆ.

ಸಾಕ್ಷ್ಯ

ಈ ಬಗೆಯ ಸಾಕ್ಷ್ಯವನ್ನು ಖಾತೆ ತೆರೆದಿರುವಾಗಲೇ ತೆಗೆದಿಡಬೇಕು. ತಕರಾರು ಶುರುವಾಯಿತೆಂದು ಗೊತ್ತಾದ ಕೂಡಲೇ ಹಲವು ತಾಣಗಳು ಖಾತೆಯನ್ನು ಬಂದ್ ಮಾಡುತ್ತವೆ. ಆಮೇಲೆ ಡೆಪಾಸಿಟ್ ಇತಿಹಾಸವೂ ಸಿಗುವುದಿಲ್ಲ, ಚಾಟ್ ಕೂಡ ಸಿಗುವುದಿಲ್ಲ. ದಿನಾಂಕ, ಸಮಯ, ಬಳಕೆದಾರನ ಹೆಸರು ಕಾಣುವಂತೆ ಪೂರ್ತಿ ಪರದೆಯ ಸ್ಕ್ರೀನ್‌ಶಾಟ್ ತೆಗೆಯಬೇಕು. ಡೆಪಾಸಿಟ್ ದಿನ ಜಾರಿಯಲ್ಲಿದ್ದ ಷರತ್ತುಗಳ ಪುಟವನ್ನೂ ಉಳಿಸಿಡಬೇಕು. ಷರತ್ತುಗಳನ್ನು ತಾಣ ಯಾವಾಗ ಬೇಕಾದರೂ ತಿದ್ದಬಹುದು.

ಬ್ಯಾಂಕಿಗೆ ಹೋಗುವ ಮೊದಲು ತಾಣಕ್ಕೆ ಬರೆದದ್ದೂ ಸಾಕ್ಷ್ಯವೇ. ಹಣ ಸೇರಿಲ್ಲವೆಂಬ ತಕರಾರಿನಲ್ಲಿ, ವ್ಯಾಪಾರಿಯೊಂದಿಗೆ ಬಗೆಹರಿಸಿಕೊಳ್ಳಲು ಪ್ರಯತ್ನಪಟ್ಟಿದ್ದೀರಾ ಎಂದು ಬ್ಯಾಂಕ್ ಕೇಳುತ್ತದೆ. ದೂರವಾಣಿಯಲ್ಲಿ ಮಾತಾಡಿದೆ ಎಂಬುದಕ್ಕಿಂತ, ಪಾವತಿಯ ದಿನಾಂಕ, ಮೊತ್ತ, ಡೆಪಾಸಿಟ್ ಸಂಖ್ಯೆ ಬರೆದು ಉತ್ತರಕ್ಕೆ ಗಡುವು ಕೊಟ್ಟ ಒಂದು ಚಿಕ್ಕ ಇಮೇಲ್ ಮೇಲು. ವಂಚನೆಯ ತಕರಾರಿನಲ್ಲಿ ಮಾತ್ರ ಕಾಯಬಾರದು. ಅಲ್ಲಿ ಮೊದಲ ಕೆಲಸ ಕಾರ್ಡ್ ಬ್ಲಾಕ್ ಮಾಡಿಸುವುದು.

ಕೆಲವೊಮ್ಮೆ ತಾಣವೇ 'ಹಣ ವಾಪಸು ಕಳುಹಿಸಿದ್ದೇವೆ, ನಿಮ್ಮ ಬ್ಯಾಂಕನ್ನು ಕೇಳಿ' ಎನ್ನುತ್ತದೆ. ಆಗ ಮರುಪಾವತಿಯ 23 ಅಂಕಿಯ ಎಆರ್‌ಎನ್ ಸಂಖ್ಯೆಯನ್ನು ಕೇಳಬೇಕು. ನಿಜವಾಗಿ ಕಳುಹಿಸಿದ್ದರೆ ಆ ಸಂಖ್ಯೆ ಇರುತ್ತದೆ, ಅದರಿಂದ ನಮ್ಮ ಬ್ಯಾಂಕ್ ಹಣದ ಜಾಡು ಹಿಡಿಯುತ್ತದೆ. ಕೊಡದೆ ನುಣುಚಿಕೊಂಡರೆ, ವಾಪಸು ಕೊಡುವುದಾಗಿ ಒಪ್ಪಿದ ಆ ಇಮೇಲೇ 13.6ರ ಅರ್ಜಿಗೆ ಆಧಾರವಾಗುತ್ತದೆ. ಸೋತ ಹಣಕ್ಕೆ ಹಕ್ಕಿಲ್ಲದಿದ್ದರೂ, ತಾಣ ಬರವಣಿಗೆಯಲ್ಲಿ ಒಪ್ಪಿದ ಮರುಪಾವತಿಗೆ ಹಕ್ಕಿದೆ. ಇದನ್ನು ಬಹಳ ಜನ ಕೈಬಿಡುತ್ತಾರೆ.

ಬ್ರಿಟನ್ನಿನಲ್ಲಿ ಉಳಿದ ದಾರಿಗಳು

ಬ್ರಿಟನ್ನಿನಲ್ಲಿ 2020ರ ಏಪ್ರಿಲ್ 14ರಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಕೆ ನಿಷಿದ್ಧ. ಆದ್ದರಿಂದ ಪರವಾನಗಿ ಪಡೆದ ತಾಣಗಳ ಮೇಲಿನ ತಕರಾರುಗಳು ಹೆಚ್ಚಾಗಿ ಡೆಬಿಟ್ ಕಾರ್ಡಿನವು. ಅನುಮತಿಯಿಲ್ಲದ ಪಾವತಿಯಾಗಿದ್ದರೆ 2017ರ ಪಾವತಿ ಸೇವಾ ನಿಯಮಾವಳಿ ಗ್ರಾಹಕನ ಬೆನ್ನಿಗಿದೆ. ವಿಳಂಬ ಮಾಡದೆ, ಹೆಚ್ಚೆಂದರೆ 13 ತಿಂಗಳೊಳಗೆ ತಿಳಿಸಬೇಕು. ಒಪ್ಪಿಗೆ ಇತ್ತೆಂದು ತೋರಿಸುವ ಹೊಣೆ ಬ್ಯಾಂಕಿನದು. ಇದು ಜಾಲದ 120 ದಿನಗಳ ಲೆಕ್ಕಕ್ಕೆ ಕಟ್ಟುಬಿದ್ದಿಲ್ಲ.

ಪರವಾನಗಿ ಪಡೆದ ತಾಣ ಗೆಲುವನ್ನು ತಡೆಹಿಡಿದರೆ ಮೊದಲು ಅದರಲ್ಲೇ ಲಿಖಿತ ದೂರು ಕೊಡಬೇಕು. 8 ವಾರದಲ್ಲಿ ಬಗೆಹರಿಯದಿದ್ದರೆ ಐಬಿಎಎಸ್‌ನಂಥ ಸ್ವತಂತ್ರ ತೀರ್ಪು ಸಂಸ್ಥೆಗೆ ಶುಲ್ಕವಿಲ್ಲದೆ ಒಯ್ಯಬಹುದು. ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ನೋಂದಾಯಿಸಿ ತಾವೇ ಹೊರಗುಳಿದವರನ್ನು ತಾಣ ಮತ್ತೆ ಆಡಲು ಬಿಟ್ಟಿದ್ದರೂ ಮೊದಲು ತಾಣಕ್ಕೇ ಲಿಖಿತ ದೂರು ಕೊಡಬೇಕು. ಅಲ್ಲಿ ನೋಂದಣಿಯ ದೃಢೀಕರಣ ಇಮೇಲ್ ಮತ್ತು ಎರಡೂ ಕಡೆ ಕೊಟ್ಟ ಹೆಸರು, ಜನ್ಮದಿನಾಂಕ, ವಿಳಾಸ ಒಂದೇ ಎಂಬುದು ಮುಖ್ಯ ಸಾಕ್ಷ್ಯ.

ಬ್ಯಾಂಕ್ ಸತ್ಯಾಂಶ ನೋಡದೆ 'ಜೂಜಿಗೆ ಚಾರ್ಜ್‌ಬ್ಯಾಕ್ ಇಲ್ಲ' ಎಂದು ಕೈತೊಳೆದುಕೊಂಡರೆ ಆ ಉತ್ತರವನ್ನು ಒಪ್ಪಬೇಕಾಗಿಲ್ಲ. ಯಾವ ಸಂಕೇತದಡಿ ಪರಿಶೀಲಿಸಿದಿರಿ, ತಕರಾರು ಹೂಡಿದಿರಾ, ತಾಣ ಏನು ಉತ್ತರ ಕೊಟ್ಟಿತು ಎಂದು ಬರೆದು ಕೇಳಬೇಕು. 8 ವಾರ ಕಳೆದರೆ, ಅಥವಾ ಅಂತಿಮ ಉತ್ತರ ಬಂದ 6 ತಿಂಗಳೊಳಗೆ, ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸೇವೆಗೆ ಹೋಗಬಹುದು. ಗೆಲ್ಲುವ ಸಾಧ್ಯತೆ ಸಮಂಜಸವಾಗಿದ್ದ ತಕರಾರನ್ನು ಬ್ಯಾಂಕ್ ಹೂಡದೆ ಬಿಟ್ಟಿತೇ ಎಂಬುದನ್ನು ಅದು ನೋಡುತ್ತದೆ. ಹೆಚ್ಚಿನ ದೂರುಗಳು ಸೋಲುವುದೂ ಇದೇ ಅಳತೆಯಲ್ಲಿ.

ಭಾರತದ ಕಾರ್ಡುಗಳು

ಜಾಲದ ನಿಯಮ ಭಾರತದ ಕಾರ್ಡಿಗೂ ಅನ್ವಯಿಸುತ್ತದೆ, ಆದರೆ ಸುತ್ತಲಿನ ಕಾನೂನು ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮು ಪಣದ ಒಪ್ಪಂದಗಳನ್ನು ಅಸಿಂಧು ಎನ್ನುತ್ತದೆ, ಆದ್ದರಿಂದ ಗೆದ್ದ ಹಣಕ್ಕಾಗಿ ದಾವೆ ಹೂಡಲಾಗದು. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್‌ಗಳಿಗೆ ವಿದೇಶಕ್ಕೆ ಹಣ ಕಳುಹಿಸುವುದನ್ನು ಫೆಮಾ ಅಡಿಯ 2000ದ ನಿಯಮಗಳು ನಿಷೇಧಿಸಿವೆ. ವಿದೇಶಿ ಜೂಜು ತಾಣಕ್ಕೆ ಕಟ್ಟಿದ ಹಣ ಕೇಳಿ ಬರೆದ ಪತ್ರ ಬ್ಯಾಂಕಿನ ಕೈಯಲ್ಲಿ ತಪ್ಪೊಪ್ಪಿಗೆಯಂತೆ ಉಳಿಯುತ್ತದೆ. ದೊಡ್ಡ ಮೊತ್ತವಾಗಿದ್ದರೆ ಪತ್ರಕ್ಕೆ ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನೂ, ಅವಕ್ಕೆ ಬ್ಯಾಂಕುಗಳು ಪಾವತಿ ಸೌಲಭ್ಯ ಒದಗಿಸುವುದನ್ನೂ ನಿಷೇಧಿಸುತ್ತದೆ. ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ. ಆಡಿದವರಿಗೆ ಅಲ್ಲ.

ಕಾರ್ಡಿನ ಒಡೆಯನಿಗೆ ಗೊತ್ತಿಲ್ಲದೆ ಜೂಜು ತಾಣದಲ್ಲಿ ಹಣ ಹೋಗಿದ್ದರೆ ವಿಷಯವೇ ಬೇರೆ. ಅಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ ಬಂದ ನಿಯಮಗಳು ಕಾಯುತ್ತವೆ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. 4ರಿಂದ 7 ದಿನವಾದರೆ ಹೊಣೆಗೆ ಮಿತಿಯಿದೆ. ಅದಕ್ಕೂ ತಡವಾದರೆ ಬ್ಯಾಂಕಿನ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ಮೊತ್ತವನ್ನು ತಾತ್ಕಾಲಿಕವಾಗಿ ಜಮೆ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ಗ್ರಾಹಕನೇ ಹೊಣೆ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ಒಟಿಪಿಯನ್ನು ತಾನೇ ಇನ್ನೊಬ್ಬರಿಗೆ ಹೇಳಿದ್ದರೆ, ತಿಳಿಸುವ ತನಕದ ನಷ್ಟ ಅವನದೇ. ದೇಶದೊಳಗಿನ ಆನ್‌ಲೈನ್ ಪಾವತಿಗೆ ಸಾಮಾನ್ಯವಾಗಿ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಬೇಕು. ಹಲವು ವಿದೇಶಿ ತಾಣಗಳು ಅದಿಲ್ಲದೆಯೇ ಕಾರ್ಡಿನಿಂದ ಹಣ ಎಳೆಯುತ್ತವೆ. ಆದ್ದರಿಂದ ಸಂದೇಶಗಳಲ್ಲಿ ಒಟಿಪಿ ಬಂದಿಲ್ಲವೆಂಬುದೇ ಇಂಥ ದೂರಿನಲ್ಲಿ ಒಳ್ಳೆಯ ಸಾಕ್ಷ್ಯ. ಅಂತರರಾಷ್ಟ್ರೀಯ ಬಳಕೆಯ ಸೌಲಭ್ಯವನ್ನು ಆಪ್‌ನಲ್ಲಿ ಬಂದ್ ಮಾಡಿದ್ದರೂ ಹಣ ಹೋಗಿದ್ದರೆ ದೂರಿಗೆ ಇನ್ನೂ ಬಲ ಬರುತ್ತದೆ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ಯುಪಿಐ ಮೂಲಕ ಯಾರದೋ ವೈಯಕ್ತಿಕ ಖಾತೆಗೆ ಡೆಪಾಸಿಟ್ ಕಟ್ಟಿಸಿಕೊಳ್ಳುವ ಅಕ್ರಮ ಬೆಟ್ಟಿಂಗ್ ತಾಣಗಳೂ ಭಾರತದಲ್ಲಿ ಇವೆ. ಅಲ್ಲಿ ಕಾರ್ಡೂ ಇಲ್ಲ, ವ್ಯಾಪಾರಿಯೂ ಇಲ್ಲ, ಹೀಗಾಗಿ ಚಾರ್ಜ್‌ಬ್ಯಾಕ್ ಕೂಡ ಇಲ್ಲ. ವಂಚನೆಯಾಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಯುಟಿಆರ್ ಸಂಖ್ಯೆ ಕೊಡಬೇಕು. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಹಿಡಿಯುವುದೊಂದೇ ಅಲ್ಲಿರುವ ಆಸರೆ. ಇಂಥ ಹೊತ್ತಿನಲ್ಲೇ 'ಕಳೆದ ಹಣ ಮರಳಿ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ' ಎನ್ನುವವರ ಕರೆ ಬರುತ್ತದೆ. ಚಾರ್ಜ್‌ಬ್ಯಾಕ್ ಹೂಡಬಲ್ಲದ್ದು ಕಾರ್ಡ್ ಕೊಟ್ಟ ಬ್ಯಾಂಕ್ ಮಾತ್ರ, ಬ್ಯಾಂಕಿನಲ್ಲಿ ದೂರು ಕೊಡಲು ಮಧ್ಯವರ್ತಿ ಬೇಕಿಲ್ಲ. ಮುಂಗಡ ಶುಲ್ಕ ಕೇಳಿದ ಸಂದೇಶವನ್ನು ಅಳಿಸದೆ, ಅದನ್ನೂ ಪೊಲೀಸ್ ದೂರಿನ ಜೊತೆ ಕೊಡಬೇಕು.